ಬೀಜದ ರೇಟು ಏರುತ್ತಲೇ ಇತ್ತು: ಫಿಫೋದಲ್ಲಿ 8.6 ಲಕ್ಷ ಲಾಭ, ಸರಾಸರಿಯಲ್ಲಿ 5.7 ಲಕ್ಷ. ಯಾವುದನ್ನು ನಂಬೋದು?

ಪುಡಿಅಂಗಡಿ_ಹಾಸನ

ಎಲ್ಲರಿಗೂ ನಮಸ್ಕಾರ. ನಾನು, ನನ್ನ ತಮ್ಮ ಪಾಲುದಾರಿಕೆಯಲ್ಲಿ ಕಾಫಿಪುಡಿ ಅಂಗಡಿ ನಡೆಸುತ್ತೇವೆ. ಬೀಜ ತಂದು ನಾವೇ ಹುರಿದು, ಪುಡಿ ಮಾಡಿ ಮಾರುತ್ತೇವೆ. ಹಳೇ ಅಕೌಂಟೆಂಟ್ ಇರುವ ತನಕ ಕ್ಲೋಸಿಂಗ್ ಸ್ಟಾಕನ್ನು, ಅಂದ್ರೆ ವರ್ಷದ ಕೊನೆಗೆ ಉಳಿದ ಸರಕನ್ನು, ಸರಾಸರಿ ರೇಟಿನಲ್ಲೇ ಹಾಕುತ್ತಿದ್ದರು. ನಾವೂ ಅದರ ಬಗ್ಗೆ ತಲೆ ಕೆಡಿಸಿಕೊಂಡಿರಲಿಲ್ಲ. ಈ ವರ್ಷ ಆಡಿಟರ್ ಬದಲಾದರು. ಹೊಸಬರು ಫಿಫೋದಲ್ಲಿ, ಅಂದ್ರೆ ಮೊದಲು ಬಂದ ಸರಕಿನ ರೇಟೇ ಮೊದಲು ಖರ್ಚು ಅಂತ ಹಿಡಿದು, ಲೆಕ್ಕ ಮಾಡಿ ತಂದರು. ಒಂದೇ ಅಂಗಡಿ, ಒಂದೇ ಬಿಲ್ಲುಗಳು, ಲಾಭ ಮಾತ್ರ 2.9 ಲಕ್ಷ ಬೇರೆ!

2024-25ರಲ್ಲಿ ರೋಬಸ್ಟಾ ಚೆರಿ ಬೀಜದ ಲೆಕ್ಕ ಹೀಗಿದೆ. ಚಿಕೋರಿ, ಅರೇಬಿಕಾ ಎಲ್ಲ ಬಿಟ್ಟಿದ್ದೀನಿ. ಓದೋಕೆ ಸುಲಭ ಆಗಲಿ ಅಂತ ರೇಟುಗಳನ್ನು ಪೂರ್ಣ ಸಂಖ್ಯೆಗೆ ತಂದಿದ್ದೀನಿ.

ಏಪ್ರಿಲ್ 1ಕ್ಕೆ ಗೋಡೌನಿನಲ್ಲಿ 4 ಟನ್ ಇತ್ತು, ಕೆಜಿಗೆ 280 ರೂಪಾಯಿಯಂತೆ ಒಂದೇ ಸಲ ತಂದಿದ್ದು. ಆಮೇಲೆ ಮೇ ತಿಂಗಳಲ್ಲಿ 6 ಟನ್ 320ಕ್ಕೆ, ಸೆಪ್ಟೆಂಬರಿನಲ್ಲಿ 6 ಟನ್ 360ಕ್ಕೆ, ಜನವರಿಯಲ್ಲಿ 4 ಟನ್ 410ಕ್ಕೆ ತಗೊಂಡೆವು. ಒಟ್ಟು 20 ಟನ್, 68.4 ಲಕ್ಷ. ಮಾರ್ಚ್ ಕೊನೆಗೆ ಉಳಿದಿದ್ದು 5 ಟನ್. ಪುಡಿ ಮಾರಿದ್ದು 81 ಲಕ್ಷಕ್ಕೆ. ಬಾಡಿಗೆ, ಕರೆಂಟು, ಗ್ಯಾಸು, ಹುಡುಗರ ಸಂಬಳ, ನಮ್ಮಿಬ್ಬರ ಸಂಬಳ ಎಲ್ಲ ಸೇರಿ ಖರ್ಚು 24 ಲಕ್ಷ.

ಬ್ಯಾಂಕ್ ಖಾತೆಯಲ್ಲಂತೂ ಈ ಲಾಭದ ಸುಳಿವೇ ಇಲ್ಲ. ತಮ್ಮ ಕೇಳ್ತಾನೆ, "ಅಕ್ಕಾ, ಆ ಎಂಟೂವರೆ ಲಕ್ಷ ಎಲ್ಲಿದೆ ತೋರಿಸು" ಅಂತ. ಯಾವ ಲೆಕ್ಕ ಸರಿ?

ಶೆಟ್ರಂಗಡಿ

ಫಿಫೋನೇ ಸರಿ ಮೇಡಂ. ನಮ್ಮ ಅಂಗಡಿಯಲ್ಲಿ ನಲವತ್ತು ವರ್ಷದಿಂದ ಅದೇ ಪದ್ಧತಿ. ಹಳೇ ಪ್ಯಾಕೆಟ್ ಮುಂದೆ, ಹೊಸದು ಹಿಂದೆ. ಇಲ್ಲ ಅಂದ್ರೆ ಡೇಟ್ ಮುಗಿದು ಕೂತ್ಕೊಳ್ಳತ್ತೆ. ನೀವು ಹಳೇ ಗೋಣಿಯನ್ನೇ ಮೊದಲು ಹುರೀತೀರಿ ತಾನೆ? ಹಾಗಿದ್ದರೆ ಲೆಕ್ಕಾನೂ ಹಾಗೇ.

ಪುಡಿಅಂಗಡಿ_ಹಾಸನ

ನಿಜ ಹೇಳಬೇಕು ಅಂದ್ರೆ ಇಲ್ಲ ಶೆಟ್ರೇ. ಹೊಸ ಲೋಡು ಬಂದಾಗ ಹಮಾಲಿಗಳು ಬಾಗಿಲ ಹತ್ತಿರವೇ ಪೇರಿಸಿ ಹೋಗ್ತಾರೆ. ಹುಡುಗರು ಕೈಗೆ ಸಿಕ್ಕಿದ ಗೋಣಿ ಬಿಚ್ಚುತ್ತಾರೆ. ಗೋಡೆ ಪಕ್ಕದ ಹಳೇ ಗೋಣಿ ಇನ್ನೂ ಅಲ್ಲೇ ಇದ್ದರೂ ಆಶ್ಚರ್ಯ ಇಲ್ಲ.

ನಿವೃತ್ತ_ಕಾಮರ್ಸ್_ಮೇಷ್ಟ್ರು

ಶೆಟ್ಟರೇ, ನೀವು ಹೇಳುತ್ತಿರುವುದು ಸಾಮಾನು ಜೋಡಿಸುವ ಕ್ರಮ. ಆಡಿಟರ್ ಹೇಳುತ್ತಿರುವುದು ಬೆಲೆ ಜೋಡಿಸುವ ಕ್ರಮ. ಎರಡಕ್ಕೂ ನಂಟು ಇರಲೇಬೇಕು ಅಂತೇನಿಲ್ಲ. ಹುಡುಗರು ಯಾವ ಗೋಣಿ ಬಿಚ್ಚಿದರೂ, ಹಳೇ ರೇಟು ಮೊದಲು ಖರ್ಚಾಯಿತು ಅಂತ ಪುಸ್ತಕದಲ್ಲಿ ಹಿಡಿಯಬಹುದು. ಎಲ್ಲವನ್ನೂ ಕಲಸಿ ಒಂದೇ ರೇಟು ಅಂತಲೂ ಹಿಡಿಯಬಹುದು. ಒಂದೇ ಥರದ ಬೀಜ ಅಲ್ವಾ, ಯಾವ ಕಾಳು ಯಾವ ಲೋಡಿನದು ಅಂತ ಯಾರಿಗೂ ಗೊತ್ತಾಗುವುದಿಲ್ಲ. ನಮ್ಮ ಅಕೌಂಟಿಂಗ್ ಸ್ಟ್ಯಾಂಡರ್ಡ್ 2 ಎರಡನ್ನೂ ಒಪ್ಪುತ್ತದೆ.

ತಾಯೀ, ನಿಮ್ಮ ಲೆಕ್ಕ ಬಿಡಿಸೋಣ. ಫಿಫೋದಲ್ಲಿ ಉಳಿದ 5 ಟನ್ನಿಗೆ ಕೊನೆಯ ರೇಟುಗಳು ಬರುತ್ತವೆ. ಜನವರಿಯ 4 ಟನ್ 410ರಂತೆ 16.4 ಲಕ್ಷ, ಸೆಪ್ಟೆಂಬರಿನ 1 ಟನ್ 360ರಂತೆ 3.6 ಲಕ್ಷ. ಸೇರಿ 20 ಲಕ್ಷ. ಅಂದರೆ ಖರ್ಚಾದ 15 ಟನ್ನಿನ ಬೆಲೆ 48.4 ಲಕ್ಷ. 81ರಲ್ಲಿ ಅದನ್ನೂ 24ನ್ನೂ ಕಳೆದರೆ 8.6.

ಸರಾಸರಿಯಲ್ಲಿ 68.4 ಲಕ್ಷವನ್ನು 20 ಟನ್ನಿಗೆ ಹಂಚಿದರೆ ಕೆಜಿಗೆ 342. ಉಳಿದ 5 ಟನ್ 17.1 ಲಕ್ಷ. ಖರ್ಚಾದದ್ದು 51.3. ಲಾಭ 5.7.

ದುಡ್ಡು ಎಲ್ಲಿದೆ ಅಂತ ನಿಮ್ಮ ತಮ್ಮ ಕೇಳಿದ್ದಕ್ಕೆ ಅರ್ಧ ಉತ್ತರ: ವ್ಯತ್ಯಾಸದ ಆ 2.9 ಲಕ್ಷ ಗೋಡೌನಿನಲ್ಲಿದೆ. ಅದೇ 5 ಟನ್ ಬೀಜಕ್ಕೆ ಒಂದು ಪುಸ್ತಕದಲ್ಲಿ 20 ಅಂತ, ಇನ್ನೊಂದರಲ್ಲಿ 17.1 ಅಂತ ಬರೆದಿದೆ, ಅಷ್ಟೇ. ಗಲ್ಲಾಪೆಟ್ಟಿಗೆಯಲ್ಲಿ ಒಂದು ರೂಪಾಯಿಯೂ ಹೆಚ್ಚುಕಮ್ಮಿ ಇಲ್ಲ.

ಲೆಕ್ಕಪಕ್ಕಾ

ಇಷ್ಟುದ್ದ ಯಾಕೆ ಸರ್? 280, 320, 360, 410 ಕೂಡಿಸಿ ನಾಲ್ಕರಿಂದ ಭಾಗಿಸಿದರೆ 342.50. ಸರಾಸರಿ ಬಂತಲ್ಲ. ಮೊಬೈಲಿನಲ್ಲಿ ಹತ್ತು ಸೆಕೆಂಡ್.

ನಿವೃತ್ತ_ಕಾಮರ್ಸ್_ಮೇಷ್ಟ್ರು

ಕುರುಡನ ಕಲ್ಲಿಗೆ ಮಾವಿನಕಾಯಿ ಬಿದ್ದ ಹಾಗಾಯಿತು. ಇವರ ಖರೀದಿ 4, 6, 6, 4 ಟನ್ ಅಂತ ಎರಡೂ ಕಡೆ ಸಮ ಇದ್ದದ್ದಕ್ಕೆ ಹತ್ತಿರ ಬಂತು. ಜನವರಿಯಲ್ಲಿ 4ರ ಬದಲು 10 ಟನ್ ಕೊಂಡಿದ್ದರೆ ಒಟ್ಟು 26 ಟನ್, 93 ಲಕ್ಷ, ಸರಾಸರಿ ಸುಮಾರು 358. ನಿಮ್ಮ ಮೊಬೈಲು ಆಗಲೂ 342.50 ಅಂತಲೇ ಹೇಳುತ್ತದೆ.

ಟ್ಯಾಲಿ_ಹುಡುಗ

ಅಕ್ಕಾ, ಇದರಲ್ಲಿ ಮೂರನೇ ಉತ್ತರಾನೂ ಇದೆ, ಹೆದರಬೇಡಿ. ಮೇಷ್ಟ್ರು ಮಾಡಿದ್ದು ವರ್ಷದ ಕೊನೆಗೆ ಒಂದೇ ಸಲ ಕಲಸುವ ಸರಾಸರಿ. ಪ್ರತಿ ಲೋಡು ಬಂದಾಗಲೂ ಕಲಸುತ್ತಾ ಹೋಗುವ ಸರಾಸರಿ ಬೇರೆ. ಅದಕ್ಕೆ ಪ್ರತಿ ಲೋಡಿನ ಮುಂಚೆ ಎಷ್ಟು ಉಳಿದಿತ್ತು ಅಂತ ಬೇಕು. ನಿಮ್ಮ ಹತ್ತಿರ ಇದೆಯಾ?

ಪುಡಿಅಂಗಡಿ_ಹಾಸನ

ಇದೆ. ಹುರಿಯೋ ಪುಸ್ತಕದಲ್ಲಿ ದಿನಾ ಬರೀತೀವಿ. ಮೇ ಲೋಡಿಗೆ ಮುಂಚೆ 2 ಟನ್ ಉಳಿದಿತ್ತು, ಸೆಪ್ಟೆಂಬರಿಗೆ 3, ಜನವರಿಗೆ 4.

ಟ್ಯಾಲಿ_ಹುಡುಗ

ಸೂಪರ್. ಹಾಗಾದ್ರೆ ನೋಡಿ. ಮೇನಲ್ಲಿ ಉಳಿದ 2 ಟನ್ನಿಗೆ 5.6 ಲಕ್ಷ, ಹೊಸ 6 ಟನ್ 19.2 ಲಕ್ಷ ಸೇರಿ ಕೆಜಿಗೆ 310 ಆಗುತ್ತೆ. ಸೆಪ್ಟೆಂಬರಿನಲ್ಲಿ ಹೀಗೇ ಕಲಸಿದರೆ 343.33. ಜನವರಿಯಲ್ಲಿ 376.67. ಕೊನೆಯ 5 ಟನ್ನಿಗೆ 18.83 ಲಕ್ಷ, ಲಾಭ ಸುಮಾರು 7.43 ಲಕ್ಷ. ಫಿಫೋಗೂ ವರ್ಷದ ಸರಾಸರಿಗೂ ನಡುವೆ ಬಂದು ಕೂತಿತು. ರೇಟು ಏರುವಾಗ ವರ್ಷದ ಸರಾಸರಿಯಲ್ಲಿ ಏಪ್ರಿಲ್‌ನ 280 ಕೊನೆ ತನಕ ಎಳೀತಾನೇ ಇರುತ್ತೆ. ಕಲಸುತ್ತಾ ಹೋದರೆ ಹಳೇ ರೇಟಿನ ಬಹುಪಾಲು ಸೆಪ್ಟೆಂಬರಿನ ಒಳಗೇ ಖರ್ಚಾಗಿ ಹೋಗುತ್ತೆ.

ಟ್ಯಾಲಿಯಲ್ಲಿ ಸ್ಟಾಕ್ ಐಟಂ ತೆಗೆದು `Costing Method` ನೋಡಿ. `Avg. Cost` ಇದ್ದರೆ ಅದು ಒಳಬಂದ ಒಟ್ಟು ಮೌಲ್ಯವನ್ನು ಒಟ್ಟು ತೂಕಕ್ಕೆ ಹಂಚುತ್ತೆ, ಅಂದ್ರೆ ಮೇಷ್ಟ್ರ 342. ಇನ್ನೊಂದು ಮಾತು. ಸುಮ್ನೆ ನೋಡೋಣ ಅಂತ ಅದನ್ನು `FIFO` ಮಾಡಿ ಬಿಡಬೇಡಿ. ಅದು ಆ ಐಟಂಗೇ ಅಂಟಿಕೊಂಡಿರುವ ಸೆಟ್ಟಿಂಗು. ಅದೇ ಕಂಪನಿ ಡೇಟಾದಲ್ಲಿ ಹಳೇ ವರ್ಷದ ರಿಪೋರ್ಟ್ ತೆಗೆದರೆ ಅಲ್ಲೂ ಸ್ಟಾಕ್ ಮೌಲ್ಯ ಬದಲಾಗಿರುತ್ತೆ. ನನ್ನ ಗಿರಾಕಿಯೊಬ್ಬರು ಹಾಗೆ ಮಾಡಿ, ಸಹಿ ಆದ ಬ್ಯಾಲೆನ್ಸ್ ಶೀಟಿಗೂ ಕಂಪ್ಯೂಟರಿಗೂ ತಾಳೆ ಆಗದೆ ಎರಡು ದಿನ ತಲೆ ಕೆಡಿಸಿಕೊಂಡಿದ್ದರು. ಮೊದಲು ಬ್ಯಾಕಪ್, ಆಮೇಲೆ ಆಟ.

ಎಡಿಸನ್_ಕನ್ನಡಿಗ

ನ್ಯೂಜೆರ್ಸಿಯಿಂದ ನಮಸ್ಕಾರ. ನಾನು ಇಲ್ಲಿ ಕಬ್ಬಿಣದ ಸಾಮಾನಿನ ಕಂಪನಿಯಲ್ಲಿ ಅಕೌಂಟ್ಸ್ ನೋಡ್ತೀನಿ. ರೇಟು ಏರುವಾಗ ಇಲ್ಲಿ ಎಷ್ಟೋ ಕಂಪನಿಗಳು ಲಿಫೋ ಬಳಸ್ತವೆ. ಕೊನೆಗೆ ಬಂದ ದುಬಾರಿ ರೇಟೇ ಮೊದಲು ಖರ್ಚು. ಲಾಭ ಇನ್ನೂ ಕಮ್ಮಿ, ತೆರಿಗೆಯೂ ಕಮ್ಮಿ. ನೀವೂ ಅದನ್ನೇ ಕೇಳಬಹುದಲ್ಲ?

ನಿವೃತ್ತ_ಕಾಮರ್ಸ್_ಮೇಷ್ಟ್ರು

ಇಲ್ಲಿ ಆಗುವುದಿಲ್ಲ ಮಹರಾಯರೇ. ನಮ್ಮ ಸ್ಟ್ಯಾಂಡರ್ಡನ್ನು 1999ರಲ್ಲಿ ತಿದ್ದಿದಾಗಲೇ ಲಿಫೋ ಹೋಯಿತು. ತೆರಿಗೆಯ ಆದಾಯ ಲೆಕ್ಕ ಹಾಕಲು ಬೇರೆಯೇ ಇರುವ ಐಸಿಡಿಎಸ್ ಅನ್ನುವ ನಿಯಮಗಳಲ್ಲೂ ಅದು ಇಲ್ಲ. ನಿಮ್ಮಲ್ಲೂ ಅದು ಪುಕ್ಕಟೆ ಅಲ್ಲವಲ್ಲ. ತೆರಿಗೆಗೆ ಲಿಫೋ ಅಂದರೆ ಷೇರುದಾರರಿಗೆ ತೋರಿಸುವ ಲೆಕ್ಕವೂ ಲಿಫೋ ಆಗಬೇಕು.

ಎಡಿಸನ್_ಕನ್ನಡಿಗ

ಹೌದು, ಅದು ನಿಜ. ಎರಡು ಮುಖ ತೋರಿಸೋ ಹಾಗಿಲ್ಲ.

ಲೆಕ್ಕಪಕ್ಕಾ

ಒಟ್ಟಿನಲ್ಲಿ ತಾತ್ಪರ್ಯ ಇಷ್ಟೇ ಅಲ್ವಾ: ರೇಟು ಏರ್ತಾ ಇದ್ರೆ ಫಿಫೋ ಪ್ರತಿ ವರ್ಷ ಎರಡು ಮೂರು ಲಕ್ಷ ಜಾಸ್ತಿ ಲಾಭ ತೋರಿಸುತ್ತೆ, ಪ್ರತಿ ವರ್ಷ ಅಷ್ಟು ಜಾಸ್ತಿ ತೆರಿಗೆ. ಅಕ್ಕ ಸರಾಸರಿಯಲ್ಲೇ ಇರಲಿ. ಮುಗೀತು.

ನಿವೃತ್ತ_ಕಾಮರ್ಸ್_ಮೇಷ್ಟ್ರು

ಮೊದಲರ್ಧ ಸರಿ. "ಪ್ರತಿ ವರ್ಷ" ಅನ್ನುವುದು ತಪ್ಪು. ನನ್ನ ವಿದ್ಯಾರ್ಥಿಗಳೂ ಇಲ್ಲೇ ಜಾರುತ್ತಿದ್ದರು.

ಇವರ ಮೊದಲ ವರ್ಷದಲ್ಲಿ ಓಪನಿಂಗ್ ಸ್ಟಾಕ್ ಒಂದೇ ಲೋಡು, ಒಂದೇ ರೇಟು. ಹಾಗಾಗಿ ಎರಡೂ ಪುಸ್ತಕದಲ್ಲಿ 11.2 ಲಕ್ಷವೇ ಇತ್ತು. ಕ್ಲೋಸಿಂಗ್‌ನಲ್ಲಿ ಬಂದ ಅಂತರ ಪೂರ್ತಿಯಾಗಿ ಲಾಭಕ್ಕೆ ಬಿತ್ತು. ಆದರೆ ಈ ಕ್ಲೋಸಿಂಗೇ ಮುಂದಿನ ವರ್ಷದ ಓಪನಿಂಗ್. ಫಿಫೋ ಪುಸ್ತಕ 20 ಲಕ್ಷದ ಹೊರೆ ಹೊತ್ತು ಹೊರಡುತ್ತದೆ, ಸರಾಸರಿ ಪುಸ್ತಕ 17.1 ಮಾತ್ರ.

ರೇಟು ಏರುತ್ತಲೇ ಹೋಯಿತು ಅಂತಲೇ ಇಟ್ಟುಕೊಳ್ಳಿ. ಎರಡನೇ ವರ್ಷ 5 ಟನ್ 430ಕ್ಕೆ, 5 ಟನ್ 460ಕ್ಕೆ, 5 ಟನ್ 490ಕ್ಕೆ ಕೊಂಡರು. ಒಟ್ಟು 69 ಲಕ್ಷ. ಕೊನೆಗೆ ಮತ್ತೆ 5 ಟನ್ ಉಳಿಯಿತು. ಫಿಫೋದಲ್ಲಿ ಕ್ಲೋಸಿಂಗ್ 24.5 ಲಕ್ಷ, ಬೀಜದ ಖರ್ಚು 64.5 ಲಕ್ಷ. ಸರಾಸರಿಯಲ್ಲಿ 17.1 ಮತ್ತು 69 ಸೇರಿ 86.1, ಕೆಜಿಗೆ 430.50. ಕ್ಲೋಸಿಂಗ್ 21.525, ಖರ್ಚು 64.575.

ವ್ಯತ್ಯಾಸ ಎಷ್ಟಾಯಿತು? ಬರೀ 7,500 ರೂಪಾಯಿ. ರೇಟು 410ರಿಂದ 490ಕ್ಕೆ ಏರಿದ ವರ್ಷದಲ್ಲೂ!

ಕಾರಣ ಸರಳ. ಲಾಭದ ವ್ಯತ್ಯಾಸ ಅನ್ನುವುದು ಎರಡು ಪುಸ್ತಕಗಳ ಸ್ಟಾಕಿನ ನಡುವಿನ ಅಂತರವಲ್ಲ, ಆ ಅಂತರ ಆ ವರ್ಷ ಎಷ್ಟು *ಹಿಗ್ಗಿತು* ಅನ್ನುವುದು. 2.9 ಇದ್ದ ಅಂತರ 2.975 ಆಯಿತು, ಅಷ್ಟೇ. ಅದು ಹಿಗ್ಗಬೇಕಾದರೆ ರೇಟು ಹಿಂದಿನ ವರ್ಷಕ್ಕಿಂತ ಜೋರಾಗಿ ಏರಬೇಕು, ಇಲ್ಲವೇ ಗೋಡೌನಿನಲ್ಲಿ ಗೋಣಿ ಜಾಸ್ತಿ ಆಗಬೇಕು.

ಪುಡಿಅಂಗಡಿ_ಹಾಸನ

ಇದು ನನಗೆ ಹೊಳೆದೇ ಇರಲಿಲ್ಲ ಸರ್. ಎರಡು ಸಲ ಓದಿದೆ. ಹಾಗಾದರೆ ನಾವು ಬರೀ 1 ಟನ್ ಉಳಿಸಿಕೊಂಡಿದ್ದರೆ ಈ ಗಲಾಟೆಯೇ ಇರುತ್ತಿರಲಿಲ್ಲ?

ನಿವೃತ್ತ_ಕಾಮರ್ಸ್_ಮೇಷ್ಟ್ರು

ಇರುತ್ತಿತ್ತು, ಸಣ್ಣದಾಗಿ. ಅದಕ್ಕೇ ಹೂವು, ಹಾಲು ಮಾರುವವರಿಗೆ ಈ ಪ್ರಶ್ನೆಯೇ ಬರುವುದಿಲ್ಲ. ನಾಲ್ಕು ತಿಂಗಳ ಸರಕು ಕೂಡಿಡುವ ನಿಮಗೆ ಬರುತ್ತದೆ.

ತೋಟದಮನೆ_ಸಕಲೇಶಪುರ

ಇಲ್ಲೊಬ್ಬ ಬೆಳೆಗಾರ ಇದ್ದೀನಿ. "ಏರುತ್ತಲೇ ಹೋಗುತ್ತೆ" ಅಂತ ನೀವೆಲ್ಲ ಆರಾಮಾಗಿ ಲೆಕ್ಕ ಹಾಕ್ತಾ ಇದ್ದೀರಿ. 2025ರ ಶುರುವಿನಲ್ಲಿ ಲಂಡನ್ ಮಾರ್ಕೆಟ್ಟಿನಲ್ಲಿ ರೋಬಸ್ಟಾ ಟನ್ನಿಗೆ 5,500 ಡಾಲರ್ ದಾಟಿತ್ತು. ಆಗ ನಮ್ಮೂರಲ್ಲಿ ಎಲ್ಲರೂ ಇನ್ನೂ ಏರುತ್ತೆ ಅಂತ ಗೋಣಿ ಕಟ್ಟಿ ಇಟ್ಟರು. ಜುಲೈ ಹೊತ್ತಿಗೆ 3,500ಕ್ಕಿಂತ ಕೆಳಗೆ ಬಂತು. ನಾನೂ ಇಟ್ಟವನೇ. ಮನೆಯವಳು ಈಗಲೂ ಹಂಗಿಸ್ತಾಳೆ. ಇಳಿದಾಗ ನಿಮ್ಮ ಫಿಫೋ ಏನಾಗುತ್ತೆ ಹೇಳಿ.

ನಿವೃತ್ತ_ಕಾಮರ್ಸ್_ಮೇಷ್ಟ್ರು

ಒಳ್ಳೇ ಪ್ರಶ್ನೆ ಗೌಡ್ರೇ. ಇವರ ಎರಡನೇ ವರ್ಷವನ್ನು ಇಳಿಕೆಯಲ್ಲಿ ನೋಡೋಣ. ಐದೈದು ಟನ್ 400, 370, 350ರಂತೆ ಕೊಂಡರು ಅನ್ನಿ, ಒಟ್ಟು 56 ಲಕ್ಷ. ಕೊನೆಗೆ 5 ಟನ್ ಉಳಿಯಿತು. ಫಿಫೋದಲ್ಲಿ 20 ಲಕ್ಷದ ಹಳೇ ಹೊರೆ ಪೂರ್ತಿ ಖರ್ಚಿಗೆ ಬರುತ್ತದೆ, ಕ್ಲೋಸಿಂಗ್ 17.5 ಮಾತ್ರ. ಖರ್ಚು 58.5. ಸರಾಸರಿಯಲ್ಲಿ ಕೆಜಿಗೆ 365.50, ಕ್ಲೋಸಿಂಗ್ 18.275, ಖರ್ಚು 54.825. ಈಗ ಫಿಫೋದ ಲಾಭವೇ 3.675 ಲಕ್ಷ ಕಮ್ಮಿ. ಮೊದಲ ವರ್ಷ ಜಾಸ್ತಿ ತೋರಿಸಿದ 2.9 ಲಕ್ಷವನ್ನು ವಾಪಸ್ ಕೊಟ್ಟು, ಮೇಲೆ ಮುಕ್ಕಾಲು ಲಕ್ಷ ಸೇರಿಸಿ ಕೊಟ್ಟಿತು.

ಇಳಿಕೆಯಲ್ಲಿ ಇನ್ನೊಂದು ನಿಯಮ ತಲೆಹಾಕುತ್ತದೆ. ಸ್ಟಾಕನ್ನು ಕೊಂಡ ಬೆಲೆ, ಮಾರಿದರೆ ಬರುವ ಬೆಲೆ, ಇವೆರಡರಲ್ಲಿ ಕಮ್ಮಿ ಇರುವುದಕ್ಕೆ ಹಾಕಬೇಕು. ಹಾಗಂತ ಬೀಜ ಇಳಿದ ಕೂಡಲೇ 365ನ್ನು 350ಕ್ಕೆ ಇಳಿಸಬೇಕಿಲ್ಲ. ಬೀಜ ಇವರಿಗೆ ಕಚ್ಚಾ ಮಾಲು. ಅದರಿಂದ ಆಗುವ ಪುಡಿ ಅಸಲಿಗೆ ಅಥವಾ ಅದಕ್ಕಿಂತ ಮೇಲೆ ಮಾರಾಟ ಆಗುವಂತಿದ್ದರೆ ಬೀಜದ ಮೌಲ್ಯ ಇಳಿಸುವ ಹಾಗಿಲ್ಲ.

ಶೆಟ್ರಂಗಡಿ

ಸರಿ ಸ್ವಾಮಿ, ಒಂದು ಐಡಿಯಾ. ತೆರಿಗೆಯವರಿಗೆ ಸರಾಸರಿ ಕೊಡಿ. ಓವರ್‌ಡ್ರಾಫ್ಟ್ ಸಾಲ ಕೊಟ್ಟ ಬ್ಯಾಂಕಿನವರಿಗೆ ತಿಂಗಳ ಸ್ಟಾಕ್ ಸ್ಟೇಟ್‌ಮೆಂಟ್ ಫಿಫೋದಲ್ಲಿ ಕೊಡಿ. ಸಾಲದ ಮಿತಿ ಜಾಸ್ತಿ ಸಿಗುತ್ತೆ, ತೆರಿಗೆ ಕಮ್ಮಿ.

ಬ್ಯಾಂಕ್_ರಿಟೈರ್ಡ್

ಶೆಟ್ರೇ, ಆ ಸ್ಟೇಟ್‌ಮೆಂಟುಗಳನ್ನು ಇಪ್ಪತ್ತು ವರ್ಷ ನೋಡಿದವನು ನಾನು. ಮಾರ್ಚ್ ತಿಂಗಳ ಸ್ಟೇಟ್‌ಮೆಂಟನ್ನು ಬ್ಯಾಲೆನ್ಸ್ ಶೀಟ್ ಬಂದ ಮೇಲೆ ಪಕ್ಕದಲ್ಲಿಟ್ಟು ನೋಡುತ್ತೇವೆ. ಅಲ್ಲಿ 20, ಇಲ್ಲಿ 17.1 ಇದ್ದರೆ ಮೊದಲು ಬರುವ ಅನುಮಾನ ಲೆಕ್ಕದ ಪದ್ಧತಿ ಬೇರೆ ಅಂತಲ್ಲ, ಸರಕೇ ಇಲ್ಲ ಅಂತ. ಗೋಣಿ ಎಣಿಸೋಕೆ ಬರ್ತಾರೆ. ಅದೂ ಎಷ್ಟಕ್ಕೆ? ಕಾಲುಭಾಗ ಮಾರ್ಜಿನ್ ಕಳೆದರೆ 2.9 ಲಕ್ಷಕ್ಕೆ ಸಿಗುವ ಹೆಚ್ಚುವರಿ ಮಿತಿ ಎರಡು ಲಕ್ಷ ಚಿಲ್ಲರೆ.

ಪುಡಿಅಂಗಡಿ_ಹಾಸನ

ಅಯ್ಯೋ, ಆ ಸಹವಾಸ ಬೇಡ. ನನ್ನ ಮುಖ್ಯ ಚಿಂತೆ ಬೇರೆ. ಆಡಿಟರ್ ಪದ್ಧತಿ ಬದಲಾಯಿಸಬಹುದಾ? ಫರ್ಮಿಗೆ 30 ಪರ್ಸೆಂಟ್ ತೆರಿಗೆ, ಅದರ ಮೇಲೆ ಸೆಸ್. 2.9 ಲಕ್ಷಕ್ಕೆ ತೊಂಬತ್ತು ಸಾವಿರ ಆಗುತ್ತೆ. ಇಲ್ಲದ ದುಡ್ಡಿಗೆ ತೆರಿಗೆ ಕಟ್ಟಬೇಕಾ?

ನಿವೃತ್ತ_ಕಾಮರ್ಸ್_ಮೇಷ್ಟ್ರು

ಸಕಾರಣ ಇಲ್ಲದೆ ಪದ್ಧತಿ ಬದಲಾಯಿಸುವಂತಿಲ್ಲ. ಐಸಿಡಿಎಸ್‌ನಲ್ಲಿ ಅದು ಸ್ಪಷ್ಟವಾಗಿಯೇ ಇದೆ, ಮತ್ತು ಅದು ಫರ್ಮುಗಳಿಗೆ ಅನ್ವಯಿಸುತ್ತದೆ. ನೀವು ವರ್ಷಗಳಿಂದ ಸರಾಸರಿಯಲ್ಲಿದ್ದೀರಿ. "ನನ್ನ ಬೇರೆ ಗಿರಾಕಿಗಳೆಲ್ಲ ಫಿಫೋ" ಅನ್ನುವುದು ಕಾರಣ ಆಗುವುದಿಲ್ಲ. ಯಾಕೆ ಬದಲಿಸಿದಿರಿ ಅಂತ ಬರವಣಿಗೆಯಲ್ಲಿ ಕೇಳಿ. ಬದಲಿಸಿದರೆ, ಅದರಿಂದ ಲಾಭ ಎಷ್ಟು ಬದಲಾಯಿತು ಅಂತ ಲೆಕ್ಕಪತ್ರದ ಟಿಪ್ಪಣಿಯಲ್ಲಿ ಬರೆಯಬೇಕು.

ಲೆಕ್ಕಪಕ್ಕಾ

ಆದರೆ ಫಿಫೋ ಬ್ಯಾಲೆನ್ಸ್ ಶೀಟಿನಲ್ಲಿ ಸ್ಟಾಕ್ ಇವತ್ತಿನ ರೇಟಿಗೆ ಹತ್ತಿರ ಇರುತ್ತಲ್ಲ ಸರ್. ರೇಟು ಇಷ್ಟು ಏರಿದ ಮೇಲೆ ಅದೇ ಸಕಾರಣ ಅಂತ ಆಡಿಟರ್ ಹೇಳಿದರೆ?

ನಿವೃತ್ತ_ಕಾಮರ್ಸ್_ಮೇಷ್ಟ್ರು

ಹೇಳಬಹುದು. ವಾದಕ್ಕೆ ನಿಲ್ಲುವ ಮಾತೇ. ನಾನು ಒಪ್ಪುವುದಿಲ್ಲ, ಇನ್ನೊಬ್ಬರು ಒಪ್ಪಬಹುದು. ಆದರೆ ಮುಂದಿನ ವರ್ಷ ರೇಟು ಇಳಿದಾಗ ಮತ್ತೆ ಸರಾಸರಿಗೆ ಜಾರುವ ಹಾಗಿಲ್ಲ, ಅದನ್ನು ಅವರಿಗೂ ನೆನಪಿಸಿ.

ತೋಟದಮನೆ_ಸಕಲೇಶಪುರ

ಲೆಕ್ಕದ ಮಾತು ನನಗೆ ಅರ್ಧ ತಿಳೀತು, ಅರ್ಧ ಇಲ್ಲ. ಒಂದು ಕೇಳ್ತೀನಿ. ಜನವರಿಯಲ್ಲಿ 410 ಕೊಟ್ಟಿರಲ್ಲ, ಅವತ್ತು ಪುಡಿ ರೇಟು ಏರಿಸಿದಿರಾ ತಂಗೀ?

ಪುಡಿಅಂಗಡಿ_ಹಾಸನ

ಇಲ್ಲ ಅಣ್ಣಾ. ಹಳೇ ಬೀಜ ಇನ್ನೂ ಇದೆಯಲ್ಲ, ಅದು ಮುಗಿಯಲಿ ಅಂತ ಮಾರ್ಚ್ ತನಕ ಕಾದೆವು. ಪ್ರತಿ ಸಲವೂ ಹಾಗೇ ಮಾಡಿದ್ದು. ಪಕ್ಕದ ಬೀದಿಯವರು ಏರಿಸದೆ ನಾವು ಏರಿಸಿದರೆ ಗಿರಾಕಿ ಹೋಗ್ತಾರೆ ಅನ್ನೋ ಭಯ ಬೇರೆ.

ನಿವೃತ್ತ_ಕಾಮರ್ಸ್_ಮೇಷ್ಟ್ರು

ಗೌಡ್ರು ಗುರಿಯಿಟ್ಟು ಹೊಡೆದರು. ನಿಮ್ಮ ತಮ್ಮನ ಪ್ರಶ್ನೆಗೆ ಪೂರ್ತಿ ಉತ್ತರ ಇಲ್ಲಿದೆ. ಹುರಿದ ಪ್ರತಿ ಗೋಣಿಯ ಜಾಗ ತುಂಬಲು ಮುಂದಿನ ಲೋಡಿಗೆ ಏನು ಕೊಟ್ಟಿರೋ ಆ ರೇಟು ಹಾಕಿ ನೋಡಿ. ಮೊದಲ 2 ಟನ್ನಿಗೆ 320, ಆಮೇಲಿನ 5 ಟನ್ನಿಗೆ 360, ಮತ್ತೆ 5 ಟನ್ನಿಗೆ 410, ಕೊನೆಯ 3 ಟನ್ನಿಗೂ ಸದ್ಯಕ್ಕೆ 410. ಒಟ್ಟು 57.2 ಲಕ್ಷ. 81ರಲ್ಲಿ ಅದನ್ನೂ 24ನ್ನೂ ಕಳೆಯಿರಿ.

ಇಪ್ಪತ್ತು ಸಾವಿರ ನಷ್ಟ.

ಇದನ್ನು ತೆರಿಗೆಗೆ ಯಾರೂ ಒಪ್ಪುವುದಿಲ್ಲ, ಆಡಿಟರ್ ಹತ್ತಿರ ತೆಗೆದುಕೊಂಡು ಹೋಗಬೇಡಿ. ಆದರೆ ಇದರ ಪ್ರಕಾರ ವರ್ಷವಿಡೀ ಪುಡಿ ವ್ಯಾಪಾರದಿಂದ ಉಳಿದದ್ದು ಏನೂ ಇಲ್ಲ. 8.6 ಆಗಲಿ 5.7 ಆಗಲಿ, ಅದೆಲ್ಲ ಹಳೇ ರೇಟಿನ ಬೀಜ ಕೈಯಲ್ಲಿದ್ದದ್ದರಿಂದ ಬಂದದ್ದು. ಫಿಫೋ ಅದನ್ನು ಜಾಸ್ತಿ ಎಣಿಸಿತು, ಸರಾಸರಿ ಕಮ್ಮಿ ಎಣಿಸಿತು. ಆ ದುಡ್ಡು 410ರ ಲೋಡು ತರುವಾಗಲೇ ಖಾತೆಯಿಂದ ಹೋಗಿಯಾಗಿತ್ತು.

ಲೆಕ್ಕಪಕ್ಕಾ

ಇದು ಸ್ವಲ್ಪ ಜಾಸ್ತಿ ಆಯ್ತು ಸರ್. ಕಮ್ಮಿ ರೇಟಿಗೆ ಮುಂಚೆಯೇ ಕೊಂಡಿಟ್ಟಿದ್ದು ಅವರ ಜಾಣತನ. ಅದೂ ಲಾಭ ಅಲ್ವಾ? ವ್ಯಾಪಾರ ಅಂದ್ರೇ ಅದು.

ನಿವೃತ್ತ_ಕಾಮರ್ಸ್_ಮೇಷ್ಟ್ರು

ಲಾಭವೇ, ಇಲ್ಲ ಅನ್ನುವುದಿಲ್ಲ. ಅಂಗಡಿ ಮುಚ್ಚಿ ಮನೆಗೆ ಹೋಗುವವರಿಗೆ ಪೂರ್ತಿ ಲಾಭ. ಮತ್ತೆ ಅಷ್ಟೇ ಗೋಣಿ ತರಬೇಕಾದವರಿಗೆ ಖರ್ಚು ಮಾಡಲು ಬರುವ ಲಾಭ ಅಲ್ಲ. ನಾವಿಬ್ಬರೂ ಇದರ ಮೇಲೆ ರಾತ್ರಿಯಿಡೀ ವಾದ ಮಾಡಬಹುದು.

ಪುಡಿಅಂಗಡಿ_ಹಾಸನ

ತಮ್ಮನಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಎದ್ದು ಹೋಗಿ ಅಂಗಡಿ ಮುಂದಿನ ರೇಟ್ ಬೋರ್ಡ್ ಒರೆಸಿ ಬಂದ. ಹೊಸ ರೇಟು ಎಷ್ಟು ಬರೆಯೋದು ಅಂತ ಇಬ್ಬರಿಗೂ ಇನ್ನೂ ಒಮ್ಮತ ಇಲ್ಲ. ಈಗ ಬೀಜ ಬೇರೆ ಇಳಿದಿದೆ, ಗಿರಾಕಿಗಳು "ಪೇಪರಿನಲ್ಲಿ ಓದಿದೆವು, ನೀವ್ಯಾಕೆ ಇಳಿಸಿಲ್ಲ" ಅಂತಾರೆ. ನಮ್ಮ ಹತ್ತಿರ ಇರೋದು 410ರ ಗೋಣಿ.

ಆಡಿಟರಿಗೆ ಪತ್ರ ಬರೆದಿದ್ದೀನಿ. ಸೋಮವಾರ ಬನ್ನಿ, ಹುರಿಯೋ ಪುಸ್ತಕ ತನ್ನಿ ಅಂದಿದ್ದಾರೆ.

ಟ್ಯಾಲಿ_ಹುಡುಗ

ಅಕ್ಕಾ, ಹೋಗುವಾಗ ಗೋಡೆ ಪಕ್ಕದ ಆ ಹಳೇ ಗೋಣಿ ಎಷ್ಟಿವೆ ಅಂತ ಎಣಿಸಿಕೊಂಡು ಹೋಗಿ. ಪುಸ್ತಕದ 5 ಟನ್ನು, ತಕ್ಕಡಿಯ 5 ಟನ್ನು ಒಂದೇನಾ ಅಂತ ಇಲ್ಲಿ ಯಾರೂ ಕೇಳಲೇ ಇಲ್ಲ.